ಬಸುರಿಯ ವಾರದ ಪಟ್ಟಿ: ತಪಾಸಣೆ ಮತ್ತು ಗುಳಿಗೆ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನ ತಂಗಿ ಗೋಕಾಕದಲ್ಲಿ ಗಂಡನ ಮನೆಯಲ್ಲಿದ್ದಾಗ ಅವಳ ಬಸಿರಿನ ಲೆಕ್ಕವನ್ನೆಲ್ಲ ಒಂದೇ ಹಾಳೆಯಲ್ಲಿ ಬರೆದಿಟ್ಟಿದ್ದೆವು. ಏಳು ತಿಂಗಳಾದ ಮೇಲೆ ಅದೇ ಹಾಳೆ ಅವಳ ಜೊತೆ ಬಾದಾಮಿ ಕಡೆಯ ನಮ್ಮೂರಿಗೆ ಬಂತು. ಅದನ್ನು ನೋಡಿದ ಓಣಿಯ ಹೆಣ್ಣುಮಕ್ಕಳು, ಸಂಬಂಧಿಕರು ಕೇಳಿದ ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇನೆ. ಪ್ರಶ್ನೆಗಳನ್ನು ಅವರು ಕೇಳಿದ ಮಾತಿನಲ್ಲೇ ಬಿಟ್ಟಿದ್ದೇನೆ. ನಾನು ಡಾಕ್ಟರ್ ಅಲ್ಲ. ಡೋಸು, ಔಷಧ ಬದಲಿಸುವುದು ನಿಮ್ಮ ಡಾಕ್ಟರ ಕೆಲಸ. ಅವರು ಹೇಳಿದ್ದು ತಪ್ಪದೇ ನಡೆಯುವ ಹಾಗೆ ನೋಡಿಕೊಳ್ಳುವುದಷ್ಟೇ ಈ ಪಟ್ಟಿಯ ಕೆಲಸ.

## ಶುರುವಿಗೆ

ಪಟ್ಟಿ ಅಂದ್ರ ಏನ್ರಿ? ಮೊಬೈಲಿನ್ಯಾಗ ಆ್ಯಪ್ ಹಾಕ್ಕೋಬೇಕೇನು?

ಬೇಡ. ನೋಟ್‌ಬುಕ್ಕಿನ ಒಂದು ಹಾಳೆ, ಮೊಬೈಲಿನ ಅಲಾರಾಂ, ಇವೆರಡೇ ಸಾಕು. ಹಾಳೆಯ ಮೇಲ್ಭಾಗದಲ್ಲಿ ನಾಲ್ಕು ವಿಷಯ ಬರೆಯಿರಿ: ಕೊನೆಯ ಮುಟ್ಟಿನ ಮೊದಲ ದಿನ, ಹೆರಿಗೆಯ ಅಂದಾಜು ತಾರೀಖು, ರಕ್ತದ ಗುಂಪು, ತಾಯಿ ಕಾರ್ಡಿನ ನಂಬರ್. ಅದರ ಕೆಳಗೆ ವಾರಕ್ಕೊಂದು ಸಾಲು. ಆ ಹಾಳೆಯನ್ನು ತಾಯಿ ಕಾರ್ಡಿನ ಒಳಗೇ ಇಡಿ. ಆಗ ದವಾಖಾನೆಗೆ ಹೋಗುವಾಗ ಬೇರೆಯಾಗಿ ನೆನಪಿಟ್ಟುಕೊಳ್ಳುವುದು ಇರುವುದಿಲ್ಲ.

ಒಂದು ಮಾತು. ಅಲಾರಾಂ ಬಸುರಿಯ ಮೊಬೈಲಿನಲ್ಲೇ ಇರಲಿ. ಗಂಡನ ಮೊಬೈಲಿನಲ್ಲಿ ಇಟ್ಟರೆ ಅವನು ಹೊಲದಲ್ಲೋ ಡ್ಯೂಟಿಯಲ್ಲೋ ಇರುವಾಗ ಅದು ಅಲ್ಲೇ ಬಡಿದು ಸುಮ್ಮನಾಗುತ್ತದೆ. ಅವಳ ಹತ್ತಿರ ಮೊಬೈಲ್ ಇಲ್ಲದಿದ್ದರೆ ದಿನವಿಡೀ ಮನೆಯಲ್ಲಿರುವವರ ಮೊಬೈಲಿನಲ್ಲಿ ಇಡಿ, ಅದು ಅತ್ತೆಯದಾದರೂ ಸರಿ. ಅಲಾರಾಂಗೆ ಹೆಸರನ್ನೂ ಕೊಡಿ. ನಮ್ಮ ತಂಗಿಯ ಪರದೆಯ ಮೇಲೆ "ರಕ್ತದ ಗುಳಗಿ" ಅಂತಲೇ ಬರುತ್ತಿತ್ತು. ಬರೀ ಗಂಟೆ ಬಡಿದರೆ ಯಾವ ಗುಳಿಗೆ ಅಂತ ಮತ್ತೆ ಯೋಚಿಸಬೇಕಾಗುತ್ತದೆ.

ವಾರ ಎಣಿಸೋದು ಯಾವ ದಿನದಿಂದ? ನಮ್ಮಕಿಗೆ ತಾರೀಖ ನೆನಪಿಲ್ಲ, ಪಂಚಮಿ ಮರುದಿನ ಅಂತಾಳ.

ಕೊನೆಯ ಸಲ ಮುಟ್ಟಾದ ಮೊದಲ ದಿನದಿಂದ ಎಣಿಸಬೇಕು. ಮುಟ್ಟು ತಪ್ಪಿದ ದಿನದಿಂದಲೂ ಅಲ್ಲ, ಪರೀಕ್ಷೆಯಲ್ಲಿ ಎರಡು ಗೆರೆ ಬಂದ ದಿನದಿಂದಲೂ ಅಲ್ಲ. ಅಲ್ಲಿಂದ 280 ದಿನ, ಅಂದರೆ 40 ವಾರಕ್ಕೆ ಹೆರಿಗೆಯ ಅಂದಾಜು ತಾರೀಖು.

ಹಬ್ಬದ ಮೇಲೆ ನೆನಪಿಡುವುದು ತಪ್ಪಲ್ಲ. ಆದರೆ ನಮ್ಮ ಕಡೆ ಪಂಚಮಿ ಅಂದರೆ ಒಂದೇ ದಿನದ ಹಬ್ಬವಲ್ಲ ನೋಡಿ. ರೊಟ್ಟಿ ಹಬ್ಬದಿಂದ ಹಿಡಿದು ನಾಗಪ್ಪನಿಗೆ ಹಾಲೆರೆದು ಮುಗಿಯುವವರೆಗೂ ಪಂಚಮಿಯೇ. ಹಾಗಾಗಿ ಕ್ಯಾಲೆಂಡರ್ ಎದುರಿಗಿಟ್ಟುಕೊಂಡು "ಹಾಲೆರೆದ ಮರುದಿನವಾ, ರೊಟ್ಟಿ ಹಂಚಿದ ಮರುದಿನವಾ" ಅಂತ ಬಿಡಿಸಿ ಕೇಳಿ. ನಮ್ಮ ತಂಗಿಯದು 2025ರ ಪಂಚಮಿ. ಆ ವರ್ಷ ನಾಗಪಂಚಮಿ ಜುಲೈ 29ಕ್ಕೆ ಇತ್ತು. ಅದರ ಮರುದಿನ ಜುಲೈ 30, ಬುಧವಾರ. ಆ ತಾರೀಖಿಗೆ 280 ದಿನ ಕೂಡಿಸಿದರೆ 2026ರ ಮೇ 6 ಬರುತ್ತದೆ. ಅದೂ ಬುಧವಾರವೇ.

ಇದರಿಂದ ಒಂದು ಅನುಕೂಲ ಇದೆ. ಕೊನೆಯ ಮುಟ್ಟು ಬುಧವಾರ ಆಗಿದ್ದರೆ ಪ್ರತಿ ಹೊಸ ವಾರವೂ ಬುಧವಾರವೇ ಶುರುವಾಗುತ್ತದೆ. ನಿಮ್ಮ ವಾರ ಯಾವುದೋ ಅದೇ ನಿಮ್ಮ "ಪಟ್ಟಿಯ ದಿನ". ಮುಟ್ಟು ಸರಿಯಾಗಿ ಆಗದವರು, ತಾರೀಖು ಏನು ಮಾಡಿದರೂ ನೆನಪಾಗದವರು ಮೊದಲ ಮೂರು ತಿಂಗಳೊಳಗೆ ಸ್ಕ್ಯಾನಿಂಗ್ ಮಾಡಿಸಿ, ಅಲ್ಲಿ ಕೊಟ್ಟ ತಾರೀಖನ್ನೇ ಹಿಡಿಯಲಿ. ತಡವಾದಷ್ಟೂ ಸ್ಕ್ಯಾನಿನ ಅಂದಾಜು ಸಡಿಲವಾಗುತ್ತದೆ.

ವಾರಾ ವಾರಾ ದವಾಖಾನಿಗೆ ಹೋಗಲೇಬೇಕೇನ್ರಿ?

ಇಲ್ಲ. ವಾರಕ್ಕೊಮ್ಮೆ ನೋಡುವುದು ಮನೆಯಲ್ಲಿ. ಎಲ್ಲ ಸರಿಯಿದ್ದರೆ ಹೆಚ್ಚಿನ ಡಾಕ್ಟರುಗಳು 28 ವಾರದವರೆಗೆ ತಿಂಗಳಿಗೊಮ್ಮೆ, 36 ವಾರದವರೆಗೆ ಹದಿನೈದು ದಿನಕ್ಕೊಮ್ಮೆ ಕರೆಯುತ್ತಾರೆ. ಅಲ್ಲಿಂದ ಹೆರಿಗೆಯವರೆಗೆ ಮಾತ್ರ ವಾರಕ್ಕೊಮ್ಮೆ. ಸರ್ಕಾರಿ ಲೆಕ್ಕದಲ್ಲಿ ಕನಿಷ್ಠ ನಾಲ್ಕು ತಪಾಸಣೆ ಆಗಲೇಬೇಕು, ಮೊದಲನೆಯದು 12 ವಾರದೊಳಗೆ. ಇದಲ್ಲದೆ ಪ್ರತಿ ತಿಂಗಳು 9ನೇ ತಾರೀಖಿಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ನಾಲ್ಕನೇ ತಿಂಗಳಿನಿಂದ ಮೇಲ್ಪಟ್ಟ ಬಸುರಿಯರನ್ನು ಡಾಕ್ಟರೇ ಉಚಿತವಾಗಿ ನೋಡುತ್ತಾರೆ. 2016ರಿಂದ ನಡೆದಿರುವ ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನ ಅದು. 9ನೇ ತಾರೀಖಿಗೊಂದು ತಿಂಗಳ ರಿಮೈಂಡರ್ ಇಟ್ಟುಬಿಡಿ.

## ಗುಳಿಗೆಗಳು

ಯಾವ ಗುಳಗಿ ಯಾವಾಗ ಶುರು ಮಾಡ್ಬೇಕು?

ಮೊದಲ 12 ವಾರ ದಿನಕ್ಕೊಂದು ಫೋಲಿಕ್ ಆಸಿಡ್, 400 ಮೈಕ್ರೋಗ್ರಾಂ. ಮಗುವಿನ ಬೆನ್ನುಹುರಿ ಕೂಡುವುದು ತೀರಾ ಮೊದಲ ವಾರಗಳಲ್ಲಿ, ಅದಕ್ಕೇ ಇದನ್ನು ತಡ ಮಾಡಬಾರದು. ಮೂರು ತಿಂಗಳು ತುಂಬಿದ ಮೇಲೆ ರಕ್ತದ ಗುಳಿಗೆ. ಸರ್ಕಾರದಿಂದ ಬರುವ ಕೆಂಪು ಗುಳಿಗೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಸಿಡ್ ಇರುತ್ತದೆ. ರಕ್ತ ಸರಿಯಿದ್ದವರಿಗೆ ದಿನಕ್ಕೊಂದು. 14 ವಾರದಿಂದ ಕ್ಯಾಲ್ಸಿಯಂ, 500 ಮಿಲಿಗ್ರಾಂನದು ದಿನಕ್ಕೆ ಎರಡು, ಊಟದ ಜೊತೆ. ಜಂತುಹುಳದ ಗುಳಿಗೆ ಒಂದೇ ಸಲ, ಮೂರು ತಿಂಗಳು ಮುಗಿದ ಮೇಲೆ. ಅದನ್ನು ದವಾಖಾನೆಯವರೇ ಕೊಟ್ಟಾಗ ನುಂಗಿದರಾಯಿತು.

ಇಲ್ಲಿ ಒಂದು ಲೆಕ್ಕ ಹೇಳಬೇಕು. ಕಬ್ಬಿಣದ ಗುಳಿಗೆ ಬಸಿರಿನಲ್ಲಿ ಕನಿಷ್ಠ 180 ದಿನ ಆಗಬೇಕು. 14ನೇ ವಾರದಿಂದ 40ನೇ ವಾರಕ್ಕೆ ಎಷ್ಟು ದಿನ? 182. ಉಳಿಯುವುದು ಎರಡೇ ದಿನ! ಐದನೇ ತಿಂಗಳಿಗೆ ಶುರು ಮಾಡಿದರೆ ಹೆರಿಗೆಯೊಳಗೆ 180 ಮುಗಿಯುವುದೇ ಇಲ್ಲ. "ನಾಳೆಯಿಂದ ತಗೊಂಡ್ರಾಯ್ತು" ಅನ್ನುವವರಿಗೆ ನಾನು ತೋರಿಸುವುದು ಈ ಲೆಕ್ಕವನ್ನೇ.

ಎರಡೂ ಗುಳಗಿ ಒಮ್ಮೆಲೆ ಹಾಲಿನ್ಯಾಗ ನುಂಗಿದ್ರ ಏನಾಗತೈತಿ? ಹೊಟ್ಟಿಗೆ ಹೋದ್ರ ಸಾಕಲ್ಲ?

ಸಾಕಾಗುವುದಿಲ್ಲ. ಇದನ್ನು ನಮ್ಮ ಮನೆಯಲ್ಲೇ ಕಂಡಿದ್ದೇವೆ, ಪೂರ್ತಿ ಹೇಳುತ್ತೇನೆ.

ನವೆಂಬರ್ 5, ಬುಧವಾರ, 14 ವಾರ. ತಂಗಿಯ ಹಿಮೋಗ್ಲೋಬಿನ್ 9.6 ಬಂತು. ಬಸುರಿಗೆ 11ಕ್ಕಿಂತ ಕಡಿಮೆ ಇರಬಾರದು. ಹಾಗಾಗಿ ಡಾಕ್ಟರು ರಕ್ತದ ಗುಳಿಗೆ ದಿನಕ್ಕೆ ಎರಡು ಮಾಡಿದರು, ಕ್ಯಾಲ್ಸಿಯಂ ಎರಡು ಬೇರೆ. ಪಾಪ, ಅವಳು ಒಂದನ್ನೂ ಬಿಡಲಿಲ್ಲ. ಡಿಸೆಂಬರ್ 10ಕ್ಕೆ ಮತ್ತೆ ನೋಡಿದರೆ 9.8. ಐದು ವಾರಕ್ಕೆ ಏರಿದ್ದು 0.2 ಮಾತ್ರ. ಸರಿಯಾಗಿ ತೆಗೆದುಕೊಂಡರೆ ತಿಂಗಳಿಗೆ ಸುಮಾರು 1 ಏರಬೇಕು. ಅಷ್ಟು ಏರದಿದ್ದರೆ ಡಾಕ್ಟರು ಬೇರೆ ಕಾರಣ ಹುಡುಕುತ್ತಾರೆ.

ಅವಳನ್ನು ಕೂಡಿಸಿಕೊಂಡು ಯಾವ ಹೊತ್ತಿಗೆ ಏನು ನುಂಗುತ್ತೀಯ ಅಂತ ಕೇಳಿದೆ. ಬೆಳಿಗ್ಗೆ ನಾಷ್ಟಾ ಆದ ಕೂಡಲೇ ಒಂದು ಕೆಂಪು, ಒಂದು ಬಿಳಿ, ಮೇಲೆ ಒಂದು ಕಪ್ ಚಹಾ. ರಾತ್ರಿ ಇನ್ನೊಂದು ಜೋಡಿ, ಅತ್ತೆ ಪ್ರೀತಿಯಿಂದ ಕೊಡುವ ಬಿಸಿ ಹಾಲಿನ ಜೊತೆ. ಕ್ಯಾಲ್ಸಿಯಂ, ಹಾಲು, ಚಹಾ, ಈ ಮೂರೂ ಕಬ್ಬಿಣ ರಕ್ತಕ್ಕೆ ಸೇರದಂತೆ ತಡೆಯುತ್ತವೆ. ಅವಳು ಎರಡು ಹೊತ್ತೂ ಕಬ್ಬಿಣವನ್ನು ಅದರ ವೈರಿಗಳ ಜೊತೆಗೇ ನುಂಗುತ್ತಿದ್ದಳು.

ಆ ದಿನ ನಾಲ್ಕು ಅಲಾರಾಂ ಇಟ್ಟೆವು. 8:30ಕ್ಕೆ ನಾಷ್ಟಾ ಜೊತೆ ಕ್ಯಾಲ್ಸಿಯಂ. 11ಕ್ಕೆ ರಕ್ತದ ಗುಳಿಗೆ, ಅರ್ಧ ಲಿಂಬೆಹಣ್ಣು ಹಿಂಡಿದ ನೀರಿನ ಜೊತೆ. 2ಕ್ಕೆ ರೊಟ್ಟಿ ಊಟದ ಜೊತೆ ಎರಡನೇ ಕ್ಯಾಲ್ಸಿಯಂ. ರಾತ್ರಿ 8ಕ್ಕೆ ಊಟ ಮುಗಿಸಿ 10ಕ್ಕೆ ಎರಡನೇ ರಕ್ತದ ಗುಳಿಗೆ, ಬರೀ ನೀರಿನಲ್ಲಿ. ಕಬ್ಬಿಣಕ್ಕೂ ಕ್ಯಾಲ್ಸಿಯಂಗೂ ಎರಡು ತಾಸಾದರೂ ಅಂತರ ಇರಲಿ ಅನ್ನುವುದು ನಿಯಮ. ಹಾಲು ಬಿಡಲಿಲ್ಲ, ಸಂಜೆ 5ಕ್ಕೆ ಸರಿಸಿದೆವು. ಚಹಾ ಬೆಳಿಗ್ಗೆ ಎದ್ದ ಕೂಡಲೇ ಒಂದು, ಹಾಲಿನ ಹೊತ್ತಿಗೆ ಒಂದು. ಗುಳಿಗೆ ಅವೇ, ಲೆಕ್ಕವೂ ಅದೇ. ಜನವರಿ 14ಕ್ಕೆ 10.9.

ರಕ್ತ ಸರಿಯಿದ್ದು ದಿನಕ್ಕೊಂದೇ ಕಬ್ಬಿಣ ತೆಗೆದುಕೊಳ್ಳುವವರು 11ರ ಅಲಾರಾಂ ಬಿಟ್ಟುಬಿಡಿ, ಮೂರೇ ಸಾಕು. ಹಿಮೋಗ್ಲೋಬಿನ್ 7ಕ್ಕಿಂತ ಕೆಳಗಿದ್ದರೆ ಇದು ಗುಳಿಗೆಯಲ್ಲಿ ಮುಗಿಯುವ ಮಾತಲ್ಲ, ದೊಡ್ಡ ಆಸ್ಪತ್ರೆಗೆ ಹೋಗಬೇಕು.

ಒಂದಿನ ಮರೆತ್ರ ಮರುದಿನ ಎರಡು ತಗೋಬೇಕಾ?

ಬೇಡ. ಅದೇ ದಿನ ನೆನಪಾದರೆ ಆಗಲೇ ತೆಗೆದುಕೊಳ್ಳಿ, ಕ್ಯಾಲ್ಸಿಯಂ ಹೊತ್ತಿಗೆ ಡಿಕ್ಕಿ ಹೊಡೆಯದಂತೆ ನೋಡಿ. ಮರುದಿನ ನೆನಪಾದರೆ ಹೋದದ್ದು ಹೋಯಿತು. ಮರೆತದ್ದಕ್ಕೆ ಸೇರಿಸಿ ಜಾಸ್ತಿ ನುಂಗಿದರೆ ಹೊಟ್ಟೆ ಕೆಡುತ್ತದೆ, ಆಮೇಲೆ ಗುಳಿಗೆ ಅಂದರೇ ಬೇಸರ ಬರುತ್ತದೆ. ಹಾಳೆಯಲ್ಲಿ ಮಾತ್ರ ಬಿಟ್ಟ ದಿನವನ್ನು ಬಿಟ್ಟಿದ್ದೇನೆ ಅಂತಲೇ ಬರೆಯಿರಿ. ಹಿಮೋಗ್ಲೋಬಿನ್ ಏರದಿದ್ದಾಗ ಡಾಕ್ಟರಿಗೆ ಬೇಕಾಗುವುದು ಆ ನಿಜವಾದ ಲೆಕ್ಕ.

ರಕ್ತದ ಗುಳಗಿ ತಗೊಂಡ್ರ ವಾಂತಿ ಬರತೈತಿ, ಮಲ ಕರ್ರಗ ಆಗೇತಿ. ಬಿಡಲಾ?

ಕಪ್ಪು ಮಲಕ್ಕೆ ಹೆದರಬೇಡಿ. ದೇಹ ಹೀರದೆ ಉಳಿದ ಕಬ್ಬಿಣದ ಬಣ್ಣ ಅದು. ವಾಕರಿಕೆ ಬಂದರೆ ಗುಳಿಗೆಯನ್ನು ರಾತ್ರಿ ಮಲಗುವ ಹೊತ್ತಿಗೆ ಸರಿಸಿ. ಆಗಲೂ ತಡೆಯದಿದ್ದರೆ ಊಟವಾದ ಕೂಡಲೇ ತೆಗೆದುಕೊಳ್ಳಿ. ಖಾಲಿ ಹೊಟ್ಟೆಯಲ್ಲಿ ಹೀರುವಷ್ಟು ಹೀರುವುದಿಲ್ಲ, ಆದರೆ ಪೂರ್ತಿ ಬಿಡುವುದಕ್ಕಿಂತ ಅದು ಎಷ್ಟೋ ವಾಸಿ. ಮಲಬದ್ಧತೆಗೆ ನೀರು ಜಾಸ್ತಿ ಕುಡಿಯಿರಿ, ಪಲ್ಲೆ, ಹಸಿ ತರಕಾರಿ ಜಾಸ್ತಿ ಹಚ್ಚಿಕೊಳ್ಳಿ. ಇಷ್ಟಾದರೂ ಆಗದಿದ್ದರೆ ಬೇರೆ ಜಾತಿಯ ಕಬ್ಬಿಣದ ಗುಳಿಗೆ ಇವೆ, ಡಾಕ್ಟರನ್ನು ಕೇಳಿ.

ಆಶಾ ಅಕ್ಕ ಕೆಂಪ ಗುಳಗಿ ಕೊಟ್ಟಾಳ, ಪ್ರೈವೇಟ್ ಡಾಕ್ಟರ್ ಬ್ಯಾರೆ ಬರದಾರ. ಎರಡೂ ನುಂಗಲಾ?

ಸುಮ್ನೆ ಎರಡೂ ನುಂಗಬೇಡಿ. ಹೆಸರು, ಬಣ್ಣ ಬೇರೆ ಇದ್ದರೂ ಹೆಚ್ಚಾಗಿ ಎರಡೂ ಕಬ್ಬಿಣದ ಗುಳಿಗೆಯೇ ಆಗಿರುತ್ತವೆ. ಖಾಸಗಿಯಲ್ಲಿ ಬರೆಯುವ ಫೆರಸ್ ಆಸ್ಕಾರ್ಬೇಟ್ ಗುಳಿಗೆಯಲ್ಲಿ ಸಾಮಾನ್ಯವಾಗಿ 100 ಮಿಲಿಗ್ರಾಂ ಕಬ್ಬಿಣ ಇರುತ್ತದೆ. ಮಲ್ಟಿವಿಟಮಿನ್ ಅಂತ ಕೊಟ್ಟದ್ದರಲ್ಲೂ ಕಬ್ಬಿಣ, ಕ್ಯಾಲ್ಸಿಯಂ ಸೇರಿರಬಹುದು. ಮನೆಯಲ್ಲಿರುವ ಎಲ್ಲ ಗುಳಿಗೆ ಸ್ಟ್ರಿಪ್ಪು, ಡಬ್ಬಿಗಳನ್ನು ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ ಡಾಕ್ಟರ ಮೇಜಿನ ಮೇಲೆ ಇಡಿ. "ಇದರಲ್ಲಿ ಯಾವುದು ಇಡಲಿ, ಯಾವುದು ಬಿಡಲಿ" ಅಂತ ಕೇಳಿ. ಉಳಿಸಿಕೊಂಡದ್ದರ ಹೆಸರು ಮಾತ್ರ ಹಾಳೆಗೆ ಬರಲಿ.

ನನಗ ಥೈರಾಯ್ಡ್ ಗುಳಗಿನೂ ಐತಿ. ಅದನ್ನ ಎಲ್ಲಿ ಕೂಡಸ್ಲಿ?

ಅದು ಬೆಳಿಗ್ಗೆ ಎದ್ದ ಕೂಡಲೇ, ಖಾಲಿ ಹೊಟ್ಟೆಯಲ್ಲಿ, ಬರೀ ನೀರಿನ ಜೊತೆ. ಅದರಿಂದ ಕಬ್ಬಿಣ, ಕ್ಯಾಲ್ಸಿಯಂ ಎರಡೂ ನಾಲ್ಕು ತಾಸು ದೂರ ಇರಬೇಕು. ಆಗ ನಾಷ್ಟಾ ಜೊತೆಗಿನ ಕ್ಯಾಲ್ಸಿಯಂ ಆಗುವುದಿಲ್ಲ. ಥೈರಾಯ್ಡ್ 6ಕ್ಕೆ, ಕಬ್ಬಿಣ 11ಕ್ಕೆ, ಕ್ಯಾಲ್ಸಿಯಂ ಮಧ್ಯಾಹ್ನ ಮತ್ತು ರಾತ್ರಿ ಊಟದ ಜೊತೆ ಇಟ್ಟರೆ ಎಲ್ಲಕ್ಕೂ ಜಾಗ ಸಿಗುತ್ತದೆ.

## ತಪಾಸಣೆ

ಯಾವ ತಪಾಸಣಿ ತಪ್ಪಿದ್ರ ಆಮ್ಯಾಲೆ ಮಾಡಾಕ ಬರೂದಿಲ್ಲ?

ತೂಕ, ಬಿಪಿ ಒಂದು ವಾರ ತಡವಾದರೂ ನೋಡಬಹುದು. ಆದರೆ ಕೆಲವು ಪರೀಕ್ಷೆಗೆ ಬಾಗಿಲು ತೆರೆದಿರುವುದೇ ಕೆಲವು ವಾರ. ಹಾಳೆಯಲ್ಲಿ ಇವಕ್ಕೆ ಕೆಂಪು ಪೆನ್ನು ಹಿಡಿಯಿರಿ, ಕೊನೆಯ ದಿನದ ಜೊತೆ ಶುರುವಾಗುವ ದಿನವನ್ನೂ ಬರೆಯಿರಿ.

ತಂಗಿಯ ತಾರೀಖಿನಲ್ಲೇ ಹೇಳುತ್ತೇನೆ. ಮೊದಲ ದೊಡ್ಡ ಸ್ಕ್ಯಾನ್, ಎನ್‌ಟಿ ಅನ್ನುತ್ತಾರಲ್ಲ, ಅದು 11 ವಾರದಿಂದ 13 ವಾರ 6 ದಿನದೊಳಗೆ. ಅವಳಿಗೆ ಅಕ್ಟೋಬರ್ 15ರಿಂದ ನವೆಂಬರ್ 4. ಈ ಮೂರು ವಾರದ ನಡುವೆಯೇ ದೀಪಾವಳಿ ಬಂದಿತ್ತು, 12 ವಾರ ತುಂಬಿದ ದಿನವೇ ಬಲಿಪಾಡ್ಯ. ಹಬ್ಬ ಮುಗಿಸಿ ಹೋದರಾಯಿತು ಅಂದುಕೊಂಡಿದ್ದರೆ ಉಳಿಯುತ್ತಿದ್ದುದು ಎರಡು ವಾರಕ್ಕೂ ಕಡಿಮೆ. ಹಾಗಾಗಿ ಹಬ್ಬಕ್ಕೆ ಮೊದಲೇ ಹೆಸರು ಬರೆಸಿದೆವು. ಮಗುವಿನ ಅಂಗಾಂಗ ನೋಡುವ ಅನಾಮಲಿ ಸ್ಕ್ಯಾನ್ 18ರಿಂದ 20 ವಾರ, ಅವಳಿಗೆ ಡಿಸೆಂಬರ್ 3ರಿಂದ 17.

ಸಕ್ಕರೆ ಪರೀಕ್ಷೆ ಮೊದಲ ಭೇಟಿಯಲ್ಲೊಮ್ಮೆ, ಮತ್ತೆ 24ರಿಂದ 28 ವಾರದೊಳಗೆ. 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ತಾಸಿನ ನಂತರ ರಕ್ತ ತೆಗೆಯುತ್ತಾರೆ. ಸರ್ಕಾರಿ ವಿಧಾನದಲ್ಲಿ 140 ಅಥವಾ ಜಾಸ್ತಿ ಬಂದರೆ ಬಸಿರಿನ ಸಕ್ಕರೆ ಕಾಯಿಲೆ ಅಂತ ಹಿಡಿಯುತ್ತಾರೆ. ಅವಳಿಗೆ ಇದು ಜನವರಿ 14ರಿಂದ ಶುರು, ಸಂಕ್ರಾಂತಿಯ ಮಾದ್ಲಿ, ಹೋಳಿಗೆಯ ಹೊತ್ತು. "ಹಬ್ಬದಾಗ ಸಿಹಿ ತಿಂದೀನಿ, ಈಗ ಬ್ಯಾಡ" ಅಂತ ಮುಂದೂಡುವವರು ಬಹಳ. ಹಾಗೆ ಮುಂದೂಡುತ್ತ 28 ವಾರ ದಾಟಿಸಬೇಡಿ. ಎರಡು ತಾಸು ಅಲ್ಲೇ ಕೂರಬೇಕು, ಹಾಗಾಗಿ ಬಸ್ಸಿನ ಹೊತ್ತು ನೋಡಿಕೊಂಡು ಬೆಳಿಗ್ಗೆಯೇ ಹೋಗಿ.

ಧನುರ್ವಾಯು ಬಾರದಂತೆ ಕೊಡುವ ಟಿಡಿ ಚುಚ್ಚುಮದ್ದು ಮೊದಲನೆಯದು ಬಸಿರು ಗೊತ್ತಾದ ಕೂಡಲೇ, ಎರಡನೆಯದು ನಾಲ್ಕು ವಾರಕ್ಕೆ. ಹಿಂದಿನ ಬಸಿರಿನಲ್ಲಿ ಎರಡೂ ಆಗಿ ಮೂರು ವರ್ಷದೊಳಗೆ ಮತ್ತೆ ಬಸಿರಾದರೆ ಒಂದು ಬೂಸ್ಟರ್ ಸಾಕು. ರಕ್ತದ ಗುಂಪು ನೆಗೆಟಿವ್ ಇದ್ದು ಗಂಡನದು ಪಾಸಿಟಿವ್ ಇದ್ದರೆ 28 ವಾರದ ಸಾಲಿನಲ್ಲಿ "ಆ್ಯಂಟಿ-ಡಿ ಚುಚ್ಚುಮದ್ದು ಕೇಳಬೇಕು" ಅಂತ ಈಗಲೇ ಬರೆದಿಡಿ.

ಬುಧವಾರ ಬುಧವಾರ ಹಾಳ್ಯಾಗ ಏನ್ ಬರಿಯೋದು?

ಹತ್ತು ನಿಮಿಷದ ಕೆಲಸ. ಮೊದಲು ಗುಳಿಗೆ ಎಣಿಸಿ. ದಿನಕ್ಕೊಂದು ಕಬ್ಬಿಣ, ಎರಡು ಕ್ಯಾಲ್ಸಿಯಂ ಇದ್ದರೆ ಹೋದ ವಾರಕ್ಕಿಂತ 7 ಮತ್ತು 14 ಕಡಿಮೆ ಇರಬೇಕು. ತಗೊಂಡೆ ಅನ್ನುವ ನೆನಪಿಗಿಂತ ಈ ಎಣಿಕೆ ನಂಬಿಕೆಗೆ ಯೋಗ್ಯ. ಹತ್ತು ದಿನಕ್ಕಾಗುವಷ್ಟೇ ಉಳಿದಿದ್ದರೆ ಆವತ್ತೇ ಆಶಾ ಕಾರ್ಯಕರ್ತೆಗೆ ಹೇಳಿ, ಖಾಲಿಯಾಗುವ ದಿನದವರೆಗೆ ಕಾಯಬೇಡಿ. ಆಮೇಲೆ ಮುಂದಿನ ತಪಾಸಣೆಯ ತಾರೀಖು, ಆ ವಾರ ಕಂಡ ತೊಂದರೆ, ಡಾಕ್ಟರನ್ನು ಕೇಳಬೇಕಾದ್ದು. ಮನೆಯಲ್ಲಿ ಬಿಪಿ ಯಂತ್ರ ಇದ್ದರೆ ಐದು ನಿಮಿಷ ಸುಮ್ಮನೆ ಕೂತು ನೋಡಿ ಬರೆಯಿರಿ.

ಯಾವುದಕ್ಕ ಮುಂದಿನ ಬುಧವಾರ ಕಾಯಬಾರದು?

ರಕ್ತ ಹೋದರೆ, ನೀರು ಒಡೆದರೆ, ಹೊಟ್ಟೆನೋವು ಬಿಡದಿದ್ದರೆ, ಜ್ವರ ಜೋರಾದರೆ, ತಲೆನೋವು ಹೋಗದೆ ಕಣ್ಣು ಮಂಜಾದರೆ, ಮುಖ, ಕೈ ಊದಿಕೊಂಡರೆ, ಬಿಪಿ 140/90 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಅದೇ ದಿನ ದವಾಖಾನೆ. ರಾತ್ರಿಯಾದರೂ ಸರಿ, 108ಕ್ಕೆ ಫೋನ್ ಮಾಡಿ.

28 ವಾರದ ಮೇಲೆ ಮಗು ತಿರುಗಾಡುವುದು ದಿನಾಲೂ ಗಮನಕ್ಕೆ ಬರಬೇಕು. ಕಡಿಮೆ ಅನಿಸಿದರೆ ಎಡಮಗ್ಗುಲಿಗೆ ಮಲಗಿ ಎಣಿಸಿ. ಎರಡು ತಾಸಿನಲ್ಲಿ ಹತ್ತು ಸಲ ಮಿಸುಕಾಡದಿದ್ದರೆ ಹೊರಡಿ. ಇದನ್ನು ಹಾಳೆಯಲ್ಲಿ ಬರೆದಿಟ್ಟು ಮುಂದಿನ ಭೇಟಿಯಲ್ಲಿ ಕೇಳೋಣ ಅನ್ನುವ ಹಾಗಿಲ್ಲ.

## ತವರಿಗೆ ಹೋದಾಗ, ಹೆರಿಗೆ ಆದಮೇಲೆ

ಕುಬಸ ಮುಗಿಸಿ ತವರಿಗೆ ಹೋಗ್ತೀನಿ. ಅಲ್ಲಿ ಎಲ್ಲಾ ಹೊಸದಾಗಿ ಶುರು ಮಾಡ್ಬೇಕಾ?

ಪಟ್ಟಿ ಕೈತಪ್ಪುವುದು ಹೆಚ್ಚಾಗಿ ಇಲ್ಲೇ. ಗಂಡನ ಮನೆಯ ಆಶಾ "ತವರಿಗೆ ಹೋಗ್ಯಾಳ" ಅಂತ ಬಿಡುತ್ತಾಳೆ, ತವರಿನ ಆಶಾಗೆ ಬಂದದ್ದೇ ಗೊತ್ತಿರುವುದಿಲ್ಲ. ನಡುವೆ ಎರಡು ಮೂರು ವಾರ ಯಾರ ಲೆಕ್ಕಕ್ಕೂ ಇಲ್ಲದೆ ಹೋಗುತ್ತವೆ. ಅದೂ ಹದಿನೈದು ದಿನಕ್ಕೊಮ್ಮೆ ತಪಾಸಣೆ ಬೇಕಾದ ಹೊತ್ತಿನಲ್ಲಿ.

ತಂಗಿ ಬಂದದ್ದು 2026ರ ಮಾರ್ಚ್ 11ಕ್ಕೆ, 32 ವಾರಕ್ಕೆ, ಯುಗಾದಿಗೆ ಒಂದು ವಾರ ಮೊದಲು. ಹೊರಡುವ ಎರಡು ದಿನ ಮುಂಚೆ 9ನೇ ತಾರೀಖಿನ ತಪಾಸಣೆ ಗೋಕಾಕದಲ್ಲೇ ಮುಗಿಸಿದಳು. ಒಂದು ತಿಂಗಳಿಗಾಗುವಷ್ಟು ಗುಳಿಗೆ ಇಸಿದುಕೊಂಡಳು. ತಾಯಿ ಕಾರ್ಡು, ಎಲ್ಲ ಸ್ಕ್ಯಾನ್ ರಿಪೋರ್ಟು, ರಕ್ತದ ಗುಂಪಿನ ಚೀಟಿ ಒಂದೇ ಪ್ಲಾಸ್ಟಿಕ್ ಕವರಿನಲ್ಲಿ. ಅದನ್ನು ಕುಬಸದ ಸೀರೆ, ಖಣಗಳ ಟ್ರಂಕಿನಲ್ಲಿ ಇಡಲು ಹೋಗಿದ್ದರು. ನಾನು ತೆಗೆದು ಅವಳ ಕೈಚೀಲಕ್ಕೆ ಹಾಕಿದೆ. ದಾರಿಯಲ್ಲಿ ಏನಾದರೂ ಆದರೆ ಬೇಕಾಗುವುದು ಅದೇ ಅಲ್ವಾ? ಎಲ್ಲ ಹಾಳೆಗಳ ಫೋಟೋ ಅವಳ ಮತ್ತು ನನ್ನ ಮೊಬೈಲಿನಲ್ಲೂ ಇತ್ತು.

ಬಂದ ಮರುದಿನವೇ ನಮ್ಮೂರ ಆಶಾ ಅಕ್ಕನ ಹತ್ತಿರ ಕಾರ್ಡು ತೋರಿಸಿ ಹೆಸರು ಬರೆಸಿದೆವು. ಹೊಸ ಕಾರ್ಡು ಬೇಡ, ಅದೇ ನಂಬರ್ ನಡೆಯುತ್ತದೆ. ಹೆರಿಗೆ ಎಲ್ಲಿ, ಗಾಡಿ ಯಾರದು, ರಕ್ತ ಬೇಕಾದರೆ ಯಾರು ಕೊಡುತ್ತಾರೆ ಅನ್ನುವುದನ್ನು 34 ವಾರದ ಸಾಲಿನಲ್ಲಿ ಬರೆದೆವು. ಏಪ್ರಿಲ್ 8ಕ್ಕೆ 36 ವಾರ. ಅಲ್ಲಿಂದ ತಪಾಸಣೆಯ ದಿನವೂ ಪಟ್ಟಿಯ ದಿನವೂ ಒಂದೇ ಆಯಿತು.

ಅಲಾರಾಂ ಹೊತ್ತು ತವರಿನ ಊಟದ ಹೊತ್ತಿಗೆ ಹೊಂದಿಸುವುದನ್ನು ಮರೆಯಬೇಡಿ. ಗೋಕಾಕದಲ್ಲಿ ರಾತ್ರಿ ಊಟ 8ಕ್ಕೆ, ನಮ್ಮಲ್ಲಿ 9 ಆಗುತ್ತದೆ. ಹಾಗಾಗಿ ರಾತ್ರಿಯ ಗುಳಿಗೆ 11ಕ್ಕೆ ಸರಿಯಿತು.

ಹೆರಿಗಿ ಆದ್ಮ್ಯಾಲೆ ಅಲಾರಾಂ ತೆಗೀಬಹುದಲ್ರಿ?

ಇಲ್ಲ, ಇನ್ನೂ 180 ದಿನ. ಹೆರಿಗೆಯ ನಂತರವೂ ಆರು ತಿಂಗಳು ಕಬ್ಬಿಣ, ಕ್ಯಾಲ್ಸಿಯಂ ಎರಡೂ ನಡೆಯಬೇಕು. ತಂಗಿಗೆ ಹೆರಿಗೆಯಾದದ್ದು ಮೇ 3, ಭಾನುವಾರ. ಅವಳ ಗುಳಿಗೆ ಮುಗಿಯುವುದು ಅಕ್ಟೋಬರ್ ಕೊನೆಗೆ. ಬಾಣಂತನದ ಖಾರ, ಅಂಟಿನುಂಡಿ ತಿನ್ನುತ್ತಿದ್ದೇನೆ, ಗುಳಿಗೆ ಯಾಕೆ ಅಂತ ಅವಳೂ ಕೇಳಿದಳು. ಅಂಟಿನುಂಡಿ ತಿನ್ನಲಿ, ಗುಳಿಗೆಯೂ ಇರಲಿ.

ಬದಲಾಗುವುದು ಪಟ್ಟಿಯ ದಿನ. ಇನ್ನು ಎಣಿಸಬೇಕಾದ್ದು ಮಗುವಿನ ವಾರ. ಆರು, ಹತ್ತು, ಹದಿನಾಲ್ಕು ವಾರಕ್ಕೆ ಲಸಿಕೆ ಇವೆ. ಮಗುವಿಗೆ ಆರು ವಾರ ತುಂಬುವುದು ಜೂನ್ 14, ಭಾನುವಾರ. ನಮ್ಮಲ್ಲಿ ಲಸಿಕೆ ಹಾಕುವುದು ಗುರುವಾರ. ಹಾಗಾಗಿ ಹೊಸ ಹಾಳೆಯ ಮೊದಲ ಸಾಲಿನಲ್ಲಿ ಬರೆದದ್ದು ಜೂನ್ 18.